ಹೆಸರು ಮೇಲಕ್ಕೆ, ಲಿಂಕ್ ಕೆಳಕ್ಕೆ: ಪಿನ್ ಮಾಡಿದ ಕಾಮೆಂಟ್‌ನಲ್ಲಿ ಏನು ಬರೆಯಬೇಕು

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಅತ್ತಿಗೆ ಬಂಗಡೆ ಹುಮಣದ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಲು ಕೂತ ದಿನ ಅಡಿಗೆಗಿಂತ ಹೆಚ್ಚು ಹೊತ್ತು ಹಿಡಿದದ್ದು ಹೆಸರು. ಮನೆಯ ಕೊಂಕಣಿಯಲ್ಲಿ ಆ ಮೀನು ಬಾಂಗ್ಡೊ. ಮಾರ್ಕೆಟ್ಟಿನಲ್ಲಿ ಕನ್ನಡದವರು ಕೇಳುವುದು ಬಂಗಡೆ. ಮುಂಬೈಯಲ್ಲಿರುವ ನೆಂಟರಿಗೆ ಅದು ಬಾಂಗಡಾ, ಕೇರಳದವರಿಗೆ ಅಯಲ, ಇಂಗ್ಲಿಷಿನಲ್ಲಿ ಹುಡುಕುವವರಿಗೆ ಮ್ಯಾಕರೆಲ್. ಹುಮಣಕ್ಕೆ ಹಾಕುವ ಮಸಾಲೆ ಕಾಯಿ ತೆಪ್ಪಲದ್ದೂ ಇದೇ ಕತೆ. ಘಟ್ಟ ಹತ್ತಿ ಶಿರಸಿ ಕಡೆ ಹೋದರೆ ಅದು ಜುಮ್ಮನಕಾಯಿ, ಮರಾಠಿಯವರಿಗೆ ತಿರಫಳ. ಹುಮಣ ಎಂಬ ಮಾತನ್ನೇ ಕೇಳದವರು ಅದನ್ನು ಮೀನು ಸಾರು ಎನ್ನುತ್ತಾರೆ, ಕುಮಟಾ ಕಡೆಯವರು ಪಳದಿ ಎನ್ನುತ್ತಾರೆ, ಉಳಿದವರು ಫಿಶ್ ಕರಿ ಎನ್ನುತ್ತಾರೆ.

“ಇಷ್ಟೂ ಹೆಸ್ರು ಎಲ್ಲಿ ಹಾಕೂದು ತಮ್ಮಾ?” ಎಂದು ಅತ್ತಿಗೆ ಕೇಳಿದರು. ನಾನು ಉತ್ತರ ಹೇಳುವುದರೊಳಗೆ ಯಾರೋ ಹೇಳಿಕೊಟ್ಟ ಉಪಾಯವನ್ನು ಅವರೇ ಮಾಡಿಯೂ ಬಿಟ್ಟಿದ್ದರು. ವಿಡಿಯೋದ ಕೆಳಗೆ ತಾವೇ ಒಂದು ಕಾಮೆಂಟ್ ಬರೆದು, ಅದರಲ್ಲಿ ಈ ಎಲ್ಲ ಹೆಸರುಗಳನ್ನೂ ಅಲ್ಪವಿರಾಮ ಹಾಕುತ್ತ ಸಾಲಾಗಿ ತುಂಬಿ, ಅದನ್ನು ಪಿನ್ ಮಾಡಿದ್ದರು. ಎಲ್ಲದರ ಕೊನೆಗೆ ಒಂದು ವಾಟ್ಸಾಪ್ ನಂಬರ್ ಇತ್ತು. ಮನೆಯಲ್ಲೇ ಒಣಗಿಸಿದ ತೆಪ್ಪಲವನ್ನು ಅವರು ಪೊಟ್ಟಣ ಕಟ್ಟಿ ಅಂಚೆಯಲ್ಲಿ ಕಳಿಸುತ್ತಾರೆ.

ಉಪಾಯದ ಹಿಂದಿನ ಲೆಕ್ಕ ಸರಳ. ಯೂಟ್ಯೂಬಿನಲ್ಲಿ ಶೀರ್ಷಿಕೆಗೆ 100 ಅಕ್ಷರ, ಡಿಸ್ಕ್ರಿಪ್ಷನ್ನಿಗೆ 5,000, ಟ್ಯಾಗುಗಳಿಗೆ ಎಲ್ಲ ಸೇರಿ 500. ಇವು ತುಂಬಿದ ಮೇಲೂ ಕಾಮೆಂಟ್ ಎಂಬ ದೊಡ್ಡ ಜಾಗ ಖಾಲಿ ಉಳಿದಿರುತ್ತದೆ. ಚಾನೆಲ್ಲಿನ ಒಡೆಯರು ಒಂದು ಕಾಮೆಂಟನ್ನು ಪಿನ್ ಮಾಡಿದರೆ ಅದು ಎಲ್ಲ ಕಾಮೆಂಟುಗಳ ತಲೆಯ ಮೇಲೆ ಕೂರುತ್ತದೆ. ಹಾಗಿದ್ದರೆ ಉಳಿದ ಕೀವರ್ಡುಗಳನ್ನೆಲ್ಲ ಅಲ್ಲಿ ಸುರಿಯಬಹುದಲ್ಲ ಎಂದು ಯಾರಿಗಾದರೂ ಅನಿಸುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಜಾಗದ ಇಕ್ಕಟ್ಟು ನಿಜಕ್ಕೂ ಹೆಚ್ಚು. ಜುಮ್ಮನಕಾಯಿ ಎಂಬ ಪದ ಕಣ್ಣಿಗೆ ಐದು ಅಕ್ಷರ, ಜು, ಮ್ಮ, ನ, ಕಾ, ಯಿ. ಕಂಪ್ಯೂಟರ್ ಮಾತ್ರ ಗುಣಿತದ ಚಿಹ್ನೆ, ಒತ್ತಿನ ಕೊಂಡಿ ಎಲ್ಲವನ್ನೂ ಬೇರೆ ಬೇರೆ ಎಣಿಸುವುದರಿಂದ ಅದಕ್ಕೆ ಇದು ಹತ್ತು ಅಕ್ಷರ. ಆ ನೂರರ ಮಿತಿಯಲ್ಲಿ ಕನ್ನಡದಲ್ಲೊಂದು, ಇಂಗ್ಲಿಷ್ ಲಿಪಿಯಲ್ಲೊಂದು ಹೆಸರು ಕೂರಿಸುವಷ್ಟರಲ್ಲಿ ಶೀರ್ಷಿಕೆ ಮುಗಿದಿರುತ್ತದೆ. ಆದ್ದರಿಂದ ಅತ್ತಿಗೆಯ ಆತುರ ನನಗೆ ಅರ್ಥವಾಯಿತು. ಆದರೆ ಹೆಸರು ಹೋಗಬೇಕಾದ ಜಾಗ ಅದಲ್ಲ.

ಹುಡುಕಾಟದಲ್ಲಿ ವಿಡಿಯೋ ಎದ್ದು ಬರುವುದಕ್ಕೆ ಏನೇನು ನೋಡುತ್ತೇವೆ ಎಂದು ಯೂಟ್ಯೂಬೇ ಹೇಳಿಕೊಂಡಿದೆ. ಶೀರ್ಷಿಕೆ, ಡಿಸ್ಕ್ರಿಪ್ಷನ್, ಟ್ಯಾಗ್, ವಿಡಿಯೋದ ಒಳಗಿನ ವಿಷಯ, ಇವು ಹುಡುಕಿದ ಮಾತಿಗೆ ಎಷ್ಟು ಹೊಂದುತ್ತವೆ ಎಂಬುದು ಒಂದು. ಹಾಗೆ ಹುಡುಕಿ ಬಂದವರು ಎಷ್ಟು ಹೊತ್ತು ನೋಡಿದರು ಎಂಬಂಥ ಲಕ್ಷಣಗಳು ಇನ್ನೊಂದು. ಆ ಪಟ್ಟಿಯಲ್ಲಿ ಕಾಮೆಂಟಿನ ಪದಗಳ ಮಾತೇ ಇಲ್ಲ. ಪುಟ ತೆರೆದಾಗ ನಡೆಯುವುದನ್ನು ಗಮನಿಸಿದರೂ ವ್ಯತ್ಯಾಸ ಕಾಣುತ್ತದೆ. ಶೀರ್ಷಿಕೆ, ಡಿಸ್ಕ್ರಿಪ್ಷನ್ ಪುಟದ ಜೊತೆಗೇ ಬರುತ್ತವೆ. ಕಾಮೆಂಟುಗಳು ಬರುವುದು ಆಮೇಲೆ, ನೋಡುವವರು ಕೆಳಗೆ ಸರಿಸಿದಾಗ, ಬೇರೆಯದೇ ಒಂದು ಕರೆಯ ಮೂಲಕ. ವಿಡಿಯೋವನ್ನು ವಾಟ್ಸಾಪಿನಲ್ಲಿ ಹಂಚಿದರೆ ಚಿತ್ರದ ಜೊತೆ ಕಾಣುವುದು ಶೀರ್ಷಿಕೆ ಮತ್ತು ಡಿಸ್ಕ್ರಿಪ್ಷನ್ನಿನ ಒಂದು ತುಣುಕು. ಕಾಮೆಂಟು ಅಲ್ಲಿಗೆ ಬರುವುದೇ ಇಲ್ಲ. ಬೇರೆ ವೆಬ್‌ಸೈಟಿನೊಳಗೆ ಕೂರಿಸಿದ ವಿಡಿಯೋಗೂ ಅಷ್ಟೇ.

ಇದನ್ನು ನಂಬದವರು ತಾವೇ ಪರೀಕ್ಷಿಸಬಹುದು. ಒಂದು ಅಪರೂಪದ ಹೆಸರನ್ನು ಆರಿಸಿಕೊಳ್ಳಿ. ಅದು ಶೀರ್ಷಿಕೆಯಲ್ಲಾಗಲಿ ಡಿಸ್ಕ್ರಿಪ್ಷನ್ನಿನಲ್ಲಾಗಲಿ ಟ್ಯಾಗಿನಲ್ಲಾಗಲಿ ಇರಬಾರದು, ವಿಡಿಯೋದಲ್ಲಿ ನೀವು ಬಾಯಿಂದ ಹೇಳಿರಲೂಬಾರದು. ಅದನ್ನು ಪಿನ್ ಮಾಡಿದ ಕಾಮೆಂಟಿನಲ್ಲಿ ಮಾತ್ರ ಬರೆದು ಎರಡು ಮೂರು ವಾರ ಬಿಡಿ. ಆಮೇಲೆ ನಿಮ್ಮ ಖಾತೆಯಿಂದ ಹೊರಬಂದು, ಬ್ರೌಸರಿನ ಗುಪ್ತ ಕಿಟಕಿಯಲ್ಲಿ ಆ ಹೆಸರನ್ನು ನಿಮ್ಮ ಅಡಿಗೆಯ ಹೆಸರಿನ ಜೊತೆ ಹುಡುಕಿ. ಸ್ವಂತ ಖಾತೆಯಲ್ಲಿ ಹುಡುಕಿದರೆ ನೀವು ಹಿಂದೆ ನೋಡಿದ್ದರ ಪ್ರಭಾವದಿಂದ ನಿಮ್ಮದೇ ವಿಡಿಯೋ ಮೇಲೆ ಬಂದು ಮೋಸವಾಗುತ್ತದೆ. ಇದಾದ ಮೇಲೆ ಅದೇ ಪದವನ್ನು ಡಿಸ್ಕ್ರಿಪ್ಷನ್ನಿಗೆ ಹಾಕಿ ಮತ್ತೆ ಅಷ್ಟೇ ದಿನ ಕಾಯಿರಿ. ನಾವು ಹೀಗೆ ಮಾಡಿದಾಗ ಕಾಮೆಂಟಿನಲ್ಲಿದ್ದಷ್ಟು ದಿನ ವಿಡಿಯೋ ಕಣ್ಣಿಗೆ ಬೀಳಲಿಲ್ಲ, ಡಿಸ್ಕ್ರಿಪ್ಷನ್ನಿಗೆ ಹೋದ ಮೇಲೆ ಕಂಡಿತು. ಒಂದು ವಿಡಿಯೋದ ಅನುಭವ ಎಲ್ಲಕ್ಕೂ ಸಾಕ್ಷಿಯಲ್ಲ, ಆದರೂ ಯೂಟ್ಯೂಬು ಹೇಳಿಕೊಂಡದ್ದಕ್ಕೆ ಅದು ಹೊಂದಿತು.

ಹಾಗಾದರೆ ಆ ಹೆಸರುಗಳನ್ನು ಹಂಚುವುದು ಹೇಗೆ? ಅತ್ತಿಗೆಯ ವಿಡಿಯೋಗೆ ನಾವು ಹೀಗೆ ಮಾಡಿದೆವು. ಶೀರ್ಷಿಕೆಗೆ ಎರಡೇ ಹೆಸರು, ಕನ್ನಡದ್ದೊಂದು, ಹೊರಗಿನವರು ಟೈಪ್ ಮಾಡುವುದೊಂದು: `ಬಂಗಡೆ ತೆಪ್ಪಲ ಹುಮಣ | Karwar Bangda Curry`. ಡಿಸ್ಕ್ರಿಪ್ಷನ್ನಿನ ಮೊದಲ ಎರಡು ವಾಕ್ಯದಲ್ಲಿ ಉಳಿದ ಮುಖ್ಯ ಹೆಸರುಗಳು, ಅದೂ ಮಾತಾಗಿ: “ಕಾರವಾರದ ಕೊಂಕಣಿ ಮನೆಗಳಲ್ಲಿ ಬಾಂಗ್ಡೊ ಎನ್ನುವ ಬಂಗಡೆ ಮೀನಿಗೆ ತೆಂಗಿನಕಾಯಿ ಅರೆದು ತೆಪ್ಪಲ ಹಾಕಿ ಮಾಡುವ ಹುಮಣ. ತೆಪ್ಪಲಕ್ಕೆ ಶಿರಸಿ ಕಡೆ ಜುಮ್ಮನಕಾಯಿ, ಮರಾಠಿಯಲ್ಲಿ ತಿರಫಳ ಎಂದು ಹೆಸರು.” ಓದುವವರಿಗೂ ಇದು ಉಪಯೋಗದ ಮಾಹಿತಿ, ಹುಡುಕುವ ಯಂತ್ರಕ್ಕೂ ಪದ ಸಿಕ್ಕಿತು. ಅದರ ಕೆಳಗೆ ಅಳತೆ, ಆಮೇಲೆ ವಿಡಿಯೋದ ಸಮಯಸೂಚಿ.

ಕಾಗುಣಿತದ ಗೊಂದಲ ಮಾತ್ರ ಟ್ಯಾಗಿಗೆ ಹೋಯಿತು. `teppal`, `tirphal`, `tephal`, `bangude`, ಹೀಗೆ ಒಬ್ಬೊಬ್ಬರು ಒಂದೊಂದು ರೀತಿ ಟೈಪ್ ಮಾಡುವ ರೂಪಗಳು. ವಿಡಿಯೋ ಸಿಗುವುದರಲ್ಲಿ ಟ್ಯಾಗಿನ ಪಾತ್ರ ತುಂಬ ಚಿಕ್ಕದು, ತಪ್ಪು ಕಾಗುಣಿತದಲ್ಲಿ ಹುಡುಕುವ ವಿಷಯಗಳಿಗೆ ಅದು ನೆರವಾಗುತ್ತದೆ ಎಂದು ಯೂಟ್ಯೂಬೇ ಹೇಳುತ್ತದೆ. ನಮ್ಮ ಭಾಷೆಗಳ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ ಸರಿ ಕಾಗುಣಿತ ಎಂಬುದೇ ಇಲ್ಲದಿರುವುದರಿಂದ ನಮಗೆ ಆ ಚಿಕ್ಕ ಪಾತ್ರವೂ ಬೇಕಾಗುತ್ತದೆ. ಆದರೆ ಟ್ಯಾಗುಗಳ ರಾಶಿಯನ್ನು ಹಾಗೆಯೇ ಎತ್ತಿ ಡಿಸ್ಕ್ರಿಪ್ಷನ್ನಿನೊಳಗೆ ಸುರಿಯುವುದು ಅವರ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ. ಹಾಗೆಯೇ ಒಂದು ವಿಡಿಯೋಗೆ 60ಕ್ಕಿಂತ ಹೆಚ್ಚು ಹ್ಯಾಷ್‌ಟ್ಯಾಗ್ ಹಾಕಿದರೆ ಅವುಗಳಲ್ಲಿ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಷ್ಟಾದ ಮೇಲೆ ಪಿನ್ ಮಾಡುವ ಜಾಗ ಖಾಲಿಯಾಯಿತು. ಅದರ ಬಲ ಬೇರೆ. ಅಲ್ಲಿ ಬರೆದದ್ದನ್ನು ಓದುವವರು ವಿಡಿಯೋ ಈಗಾಗಲೇ ಸಿಕ್ಕಿ ನೋಡುತ್ತಿರುವ ಜನ. ಫೋನಿನಲ್ಲಿ ಡಿಸ್ಕ್ರಿಪ್ಷನ್ ಮಡಚಿಕೊಂಡಿರುತ್ತದೆ, ಅದನ್ನು ಬಿಚ್ಚಿ ಓದುವವರು ಕಡಿಮೆ. ಕಾಮೆಂಟುಗಳನ್ನು ಮಾತ್ರ ಮೀನು ಬೇಯುವ ಹೊತ್ತಿಗೆ ಜನ ಸುಮ್ಮನೆ ಓದುತ್ತ ಕೂರುತ್ತಾರೆ. “ತೆಪ್ಪಲ ಎಲ್ಲಿ ಸಿಕ್ತದೆ?” ಎಂಬ ಪ್ರಶ್ನೆ ಹುಟ್ಟುವುದೂ ಅಲ್ಲೇ. ಪ್ರಶ್ನೆ ಹುಟ್ಟುವ ಜಾಗದಲ್ಲಿ ಉತ್ತರ ಮೊದಲೇ ಕೂತಿದ್ದರೆ ಆ ಲಿಂಕಿಗೆ ಅರ್ಥವಿದೆ. ಹಾಗಾಗಿ ನಾವು ಮನೆಯಲ್ಲಿ ಮಾಡಿಕೊಂಡ ರೂಢಿ ಇಷ್ಟು: ಹೆಸರು ಡಿಸ್ಕ್ರಿಪ್ಷನ್ನಿಗೆ ಹತ್ತಬೇಕು, ಲಿಂಕ್ ಕಾಮೆಂಟಿಗೆ ಇಳಿಯಬೇಕು.

ಅತ್ತಿಗೆಯ ಹಳೆಯ ಕಾಮೆಂಟನ್ನು ಅಳಿಸಿ ನಾವು ಬರೆದದ್ದು ಇದು:

> ತಿದ್ದುಪಡಿ: 4:10 ಬಳಿ ಇಪ್ಪತ್ತು ತೆಪ್ಪಲ ಎಂದು ಹೇಳಿದ್ದೇನೆ. ಆರು ಬಂಗಡೆಗೆ ಹತ್ತು ಸಾಕು, ಒಳಗಿನ ಕಪ್ಪು ಬೀಜ ತೆಗೆದು ಹಾಕಿ.
>
> ಒಣ ತೆಪ್ಪಲ ಬೇಕಿದ್ದರೆ ಕೇಳಿ, ನಾವೇ ಒಣಗಿಸಿ ಮಾರುತ್ತೇವೆ:
> https://wa.me/91XXXXXXXXXX?text=teppal%20P
>
> ನಮ್ಮಲ್ಲಿ ಇದು ತೆಪ್ಪಲ, ಶಿರಸಿ ಕಡೆ ಜುಮ್ಮನಕಾಯಿ. ನಿಮ್ಮೂರಲ್ಲಿ ಏನಂತಾರೆ?

ಇದರಲ್ಲಿ ಪ್ರತಿ ಸಾಲಿಗೂ ಅಲ್ಲಿರಲು ಕಾರಣವಿದೆ. ಮೊದಲ ಸಾಲಿನಲ್ಲಿ ತಿದ್ದುಪಡಿ ಇರುವುದು ಏಕೆಂದರೆ ಒಂದು ವಿಡಿಯೋಗೆ ಪಿನ್ ಮಾಡಲು ಸಿಗುವುದು ಒಂದೇ ಕಾಮೆಂಟ್. ಇನ್ನೊಂದನ್ನು ಪಿನ್ ಮಾಡಿದರೆ ಮೊದಲಿನದು ಕೆಳಗಿಳಿಯುತ್ತದೆ. ಅತ್ತಿಗೆ ಮಾತಿನ ಭರದಲ್ಲಿ ತೆಪ್ಪಲದ ಲೆಕ್ಕ ದುಪ್ಪಟ್ಟು ಹೇಳಿಬಿಟ್ಟಿದ್ದರು, ಅಷ್ಟು ಹಾಕಿದರೆ ನಾಲಿಗೆ ಜುಮ್ಮೆಂದು ಮೀನಿನ ರುಚಿಯೇ ತಿಳಿಯುವುದಿಲ್ಲ. ವಿಡಿಯೋ ಒಮ್ಮೆ ಹೋದ ಮೇಲೆ ಅದರ ಜಾಗದಲ್ಲಿ ತಿದ್ದಿದ ವಿಡಿಯೋವನ್ನು ಕೂರಿಸಲು ಬರುವುದಿಲ್ಲ. ಹೀಗಿರುವಾಗ ಇರುವ ಒಂದೇ ಜಾಗವನ್ನು ಮಾರಾಟದ ಲಿಂಕಿಗೆ ಕೊಟ್ಟು ತಪ್ಪನ್ನು ಹಾಗೇ ಬಿಡುವುದು ನನ್ನ ಮಟ್ಟಿಗೆ ಸರಿಯಲ್ಲ. ತಪ್ಪಿಲ್ಲದಿದ್ದರೆ ಲಿಂಕೇ ಮೊದಲ ಸಾಲಾಗಲಿ. ಉದ್ದದ ಕಾಮೆಂಟನ್ನು ಯೂಟ್ಯೂಬು ಕೆಲವು ಸಾಲಿನ ನಂತರ ಮಡಚಿಬಿಡುತ್ತದೆ. ಅತ್ತಿಗೆಯ ಮೊದಲ ಕಾಮೆಂಟಿನಲ್ಲಿ ಹೆಸರುಗಳ ರಾಶಿಯ ಅಡಿಯಲ್ಲಿದ್ದ ಫೋನ್ ನಂಬರ್ ಆ ಮಡಿಕೆಯೊಳಗೆ ಸಿಕ್ಕಿಕೊಂಡು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

4:10 ಎಂದು ಬರೆದದ್ದನ್ನು ಒತ್ತಿದರೆ ವಿಡಿಯೋ ಆ ಜಾಗಕ್ಕೆ ಜಿಗಿಯುತ್ತದೆ. ಇದನ್ನು ಕಂಡ ಕೆಲವರು ಇಡೀ ಸಮಯಸೂಚಿಯನ್ನೇ ಪಿನ್ ಮಾಡಿದ ಕಾಮೆಂಟಿನಲ್ಲಿ ಇಡುತ್ತಾರೆ. ಜಿಗಿಯಲು ಅದು ಸಾಕು. ಆದರೆ ವಿಡಿಯೋದ ಕೆಳಗಿನ ಪಟ್ಟಿಯು ತುಂಡು ತುಂಡಾಗಿ ಅಧ್ಯಾಯಗಳಂತೆ ಕಾಣಬೇಕಾದರೆ ಸೂಚಿ ಡಿಸ್ಕ್ರಿಪ್ಷನ್ನಿನಲ್ಲೇ ಇರಬೇಕು. ಮೊದಲ ಸಮಯ 00:00 ಆಗಿರಬೇಕು, ಕಡಿಮೆಯೆಂದರೆ ಮೂರು ಸಮಯಗಳು ಏರುವ ಕ್ರಮದಲ್ಲಿರಬೇಕು, ಪ್ರತಿ ತುಂಡು ಹತ್ತು ಸೆಕೆಂಡಿಗಿಂತ ಚಿಕ್ಕದಾಗಿರಬಾರದು. ಕಾಮೆಂಟಿನಿಂದ ಅಧ್ಯಾಯ ಹುಟ್ಟುವುದಿಲ್ಲ.

ಲಿಂಕನ್ನು ಅದರದ್ದೇ ಸಾಲಿನಲ್ಲಿ ಒಂಟಿಯಾಗಿ ಬಿಟ್ಟದ್ದು ಕನ್ನಡದ ಕಾರಣಕ್ಕೆ. ನಾವು ಮಾತಿನಂತೆ ಬರೆಯುವಾಗ ಲಿಂಕಿಗೇ ವಿಭಕ್ತಿ ಅಂಟಿಸಿಬಿಡುತ್ತೇವೆ, “ಈ ಲಿಂಕ್‌ಗೆ ಮೆಸೇಜ್ ಮಾಡಿ” ಎನ್ನುವ ಹಾಗೆ ವಿಳಾಸದ ತುದಿಗೇ “ಗೆ” ಸೇರಿಸಿ. ಆಗ ಆ “ಗೆ” ಕೂಡ ವಿಳಾಸದ ಭಾಗವೆಂದೇ ಎಣಿಕೆಯಾಗಿ ಲಿಂಕ್ ಎಲ್ಲಿಗೋ ಹೋಗಬಹುದು. ಆವರಣ ಚಿಹ್ನೆ, ಪೂರ್ಣವಿರಾಮ ಅಂಟಿದರೂ ಇದೇ ಭಯ. ಸಮಯ ಬರೆಯುವಾಗಲೂ ಅಂಕಿಯ ನಂತರ ಒಂದು ಜಾಗ ಬಿಟ್ಟು “ಬಳಿ” ಎಂದು ಬರೆದರೆ ತೊಂದರೆಯಿಲ್ಲ.

ಲಿಂಕಿನ ಬಾಲದಲ್ಲಿರುವ `teppal%20P` ನನಗೆ ತುಂಬ ಇಷ್ಟವಾದ ಭಾಗ. ವಾಟ್ಸಾಪಿನ `wa.me` ವಿಳಾಸಕ್ಕೆ ದೇಶದ ಸಂಖ್ಯೆ ಸೇರಿಸಿ ಫೋನ್ ನಂಬರ್ ಬರೆದರೆ, ಅದನ್ನು ಒತ್ತಿದವರಿಗೆ ನಂಬರ್ ಉಳಿಸಿಕೊಳ್ಳುವ ಕೆಲಸವಿಲ್ಲದೆ ನೇರವಾಗಿ ಚಾಟ್ ತೆರೆಯುತ್ತದೆ. ನಂಬರಿನಲ್ಲಿ ಮುಂದಿನ ಸೊನ್ನೆ, ಕೂಡಿಸುವ ಚಿಹ್ನೆ, ನಡುವಿನ ಗೆರೆ ಯಾವುದೂ ಇರಬಾರದು. `?text=` ಎಂದಾದ ಮೇಲೆ ಬರೆದದ್ದು ಅವರ ಮೆಸೇಜಿನ ಜಾಗದಲ್ಲಿ ಮೊದಲೇ ಕೂತಿರುತ್ತದೆ, ಅವರು ಕಳಿಸುವ ಗುಂಡಿ ಒತ್ತಿದರೆ ಸಾಕು. `%20` ಎಂದರೆ ಪದಗಳ ನಡುವಿನ ಖಾಲಿ ಜಾಗ. ನಾವು ಡಿಸ್ಕ್ರಿಪ್ಷನ್ನಿನಲ್ಲಿ ಇದೇ ಲಿಂಕನ್ನು ಬೇರೆ ಬಾಲದೊಂದಿಗೆ ಹಾಕಿದೆವು:

```
https://wa.me/91XXXXXXXXXX?text=teppal%20D
```

ಈಗ ಅತ್ತಿಗೆಯ ಫೋನಿಗೆ ಬರುವ ಪ್ರತಿ ವಿಚಾರಣೆಯೂ ತಾನು ಎಲ್ಲಿಂದ ಬಂದೆ ಎಂದು ಹೇಳಿಕೊಂಡೇ ಬರುತ್ತದೆ. `P` ಇದ್ದರೆ ಪಿನ್ ಮಾಡಿದ ಕಾಮೆಂಟಿನಿಂದ, `D` ಇದ್ದರೆ ಡಿಸ್ಕ್ರಿಪ್ಷನ್ನಿನಿಂದ. ತಿಂಗಳ ಕೊನೆಗೆ ವಾಟ್ಸಾಪಿನ ಹುಡುಕುವ ಜಾಗದಲ್ಲಿ `teppal P` ಎಂದು ಹಾಕಿ ಎಣಿಸಿದರೆ ಲೆಕ್ಕ ಸಿಕ್ಕಿತು. ಸ್ವಂತ ವೆಬ್‌ಸೈಟ್ ಇದ್ದವರು ಇದೇ ಕೆಲಸಕ್ಕೆ ವಿಳಾಸದ ಹಿಂದೆ `?utm_source=youtube&utm_medium=pinned_comment` ಎಂದು ಸೇರಿಸಿ, ಯಾವ ಜಾಗದಿಂದ ಎಷ್ಟು ಜನ ಬಂದರು ಎಂದು ತಮ್ಮ ಅಂಕಿಅಂಶದ ಸಾಧನದಲ್ಲಿ ನೋಡಬಹುದು. ಆ ಬಾಲದ ಮಾತನ್ನು ಕನ್ನಡ ಲಿಪಿಯಲ್ಲಿ ಬರೆಯಬೇಡಿ. ವಿಳಾಸದೊಳಗೆ ಹೋದ ಕನ್ನಡದ ಒಂದೊಂದು ಚಿಹ್ನೆಯೂ ಒಂಬತ್ತು ಅಕ್ಷರಕ್ಕೆ ಹಿಗ್ಗುತ್ತದೆ. ಬರಿಯ “ಬ” `%E0%B2%AC` ಆಗಿಬಿಡುತ್ತದೆ. ಒಂದು ಪದ ಬರೆದರೆ ಕಾಮೆಂಟಿನ ಎರಡು ಮೂರು ಸಾಲು ಅದಕ್ಕೇ ಹೋಗಿ, ನೋಡುವವರಿಗೆ ಯಾವುದೋ ವಂಚನೆಯ ಲಿಂಕಿನಂತೆ ಕಾಣುತ್ತದೆ.

“ನಾವೇ ಒಣಗಿಸಿ ಮಾರುತ್ತೇವೆ” ಎಂಬ ಮಾತನ್ನು ಬಿಡಬಾರದು ಎಂದು ನಾನು ಪಟ್ಟು ಹಿಡಿದೆ. ಲಿಂಕಿನಿಂದ ನಮಗೆ ಹಣ ಬರುವುದಾದರೆ ಅದು ಲಿಂಕಿನ ಪಕ್ಕದಲ್ಲೇ ಓದುವವರಿಗೆ ತಿಳಿಯಬೇಕು. ಬೇರೆಯವರ ಸಾಮಾನಿಗೆ ಕಮಿಷನ್ ಲಿಂಕ್ ಹಾಕುವವರಂತೂ ಅದನ್ನು ಮಡಿಕೆಯೊಳಗೆ ಅಡಗಿಸದೆ ಮೊದಲೇ ಹೇಳಬೇಕು. ಭಾರತದ ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ ತಂದ ಮಾರ್ಗಸೂಚಿಯೂ ಇದನ್ನೇ ಕೇಳುತ್ತದೆ.

ಕೊನೆಯ ಸಾಲಿನ ಪ್ರಶ್ನೆ ಸೌಜನ್ಯಕ್ಕಾಗಿ ಹಾಕಿದ್ದಲ್ಲ. ಕೀವರ್ಡಿನ ವಿಷಯದಲ್ಲಿ ಪಿನ್ ಮಾಡಿದ ಕಾಮೆಂಟು ನಿಜವಾಗಿ ಕೆಲಸ ಮಾಡುವುದು ಇಲ್ಲಿಯೇ. ನಾವು ಕೂತು ಊಹಿಸುವ ಹೆಸರುಗಳಿಗಿಂತ ಜನ ತಾವಾಗಿ ಬರೆಯುವ ಹೆಸರುಗಳು ಹೆಚ್ಚು ಸರಿ, ಏಕೆಂದರೆ ಅವರು ಹುಡುಕುವಾಗ ಟೈಪ್ ಮಾಡುವುದೂ ಅದೇ ಹೆಸರನ್ನು, ಅದೇ ಕಾಗುಣಿತದಲ್ಲಿ. “ನಿಮ್ಮೂರಲ್ಲಿ ಏನಂತಾರೆ” ಎಂದು ಕೇಳಿದ್ದಕ್ಕೆ ಉತ್ತರಗಳು ಆ ಕಾಮೆಂಟಿನ ಅಡಿಯಲ್ಲೇ ಸಾಲಾಗಿ ಬಂದವು. ಗೋವಾದವರು ತಮ್ಮ ರೀತಿ ಬರೆದರು, ರತ್ನಾಗಿರಿಯವರು ತಮ್ಮ ರೀತಿ. ಅತ್ತಿಗೆ ಪ್ರತಿ ವಾರ ಅವನ್ನು ಓದಿ, ಎರಡು ಮೂರು ಬಾರಿ ಕಾಣಿಸಿಕೊಂಡ ಹೆಸರನ್ನು ಡಿಸ್ಕ್ರಿಪ್ಷನ್ನಿನ ವಾಕ್ಯಕ್ಕೆ ಸೇರಿಸುತ್ತಾರೆ, ವಿಚಿತ್ರ ಕಾಗುಣಿತವನ್ನು ಟ್ಯಾಗಿಗೆ ಕಳಿಸುತ್ತಾರೆ. ಅದು ಫಲ ಕೊಟ್ಟಿತೇ ಎಂದು ನೋಡಲು ಯೂಟ್ಯೂಬ್ ಸ್ಟುಡಿಯೋದ ಅನಾಲಿಟಿಕ್ಸ್‌ನಲ್ಲಿ ದಾರಿಯಿದೆ. ಆ ವಿಡಿಯೋಗೆ ಜನ ಎಲ್ಲಿಂದ ಬಂದರು ಎಂಬ ಪಟ್ಟಿಯಲ್ಲಿ ಯೂಟ್ಯೂಬ್ ಹುಡುಕಾಟವನ್ನು ಒತ್ತಿದರೆ ಅವರು ಟೈಪ್ ಮಾಡಿದ ಮಾತುಗಳು ಕಾಣುತ್ತವೆ. ಹೊಸದಾಗಿ ಸೇರಿಸಿದ ಹೆಸರು ಅಲ್ಲಿ ಬಂತೆಂದರೆ ಸೇರಿಸಿದ್ದು ಸಾರ್ಥಕ.

ಇನ್ನು ಪಿನ್ ಮಾಡುವ ಕೆಲಸ. ವಿಡಿಯೋ ತೆರೆದು ಕಾಮೆಂಟ್ ಬರೆಯಿರಿ, ಅದರ ಪಕ್ಕದ ಮೂರು ಚುಕ್ಕಿ ಒತ್ತಿ ಪಿನ್ ಆರಿಸಿ, ಅಷ್ಟೇ. ಅದರಲ್ಲಿ ಜನ ಎಡವುವ ಜಾಗಗಳನ್ನು ಹೇಳುತ್ತೇನೆ. ಫೋನಿನಲ್ಲಿ ಸ್ವಂತ ಹೆಸರಿನ ಖಾತೆಯೊಂದು, ಚಾನೆಲ್ಲಿನ ಖಾತೆಯೊಂದು ಇದ್ದರೆ ಕಾಮೆಂಟ್ ತಪ್ಪಿ ಸ್ವಂತ ಹೆಸರಿನಲ್ಲಿ ಹೋಗುತ್ತದೆ. ಚಾನೆಲ್ಲಿನ ಖಾತೆಯಿಂದ ಬರೆದದ್ದರಲ್ಲಿ ಚಾನೆಲ್ಲಿನ ಹೆಸರು ಎದ್ದು ಕಾಣುವಂತೆ ಬಣ್ಣದ ಹಿನ್ನೆಲೆಯಲ್ಲಿ ಇರುತ್ತದೆ, ಅದನ್ನು ನೋಡಿ ಖಚಿತಮಾಡಿಕೊಳ್ಳಿ. ಹೊಸ ಚಾನೆಲ್ಲಿನಲ್ಲಿ ಪಿನ್ ಆಯ್ಕೆಯೇ ಕಾಣದಿದ್ದರೆ ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್ ಭಾಗಕ್ಕೆ ಹೋಗಿ, ಯಾವ ಸೌಲಭ್ಯಗಳು ತೆರೆದಿವೆ, ಯಾವುದಕ್ಕೆ ಗುರುತಿನ ಪರಿಶೀಲನೆ ಬಾಕಿಯಿದೆ ಎಂದು ನೋಡಬೇಕು. ಮುಂದಿನ ದಿನಕ್ಕೆ ಸಮಯ ನಿಗದಿ ಮಾಡಿಟ್ಟ ವಿಡಿಯೋ ಆವರೆಗೆ ಖಾಸಗಿಯಾಗಿರುತ್ತದೆ, ಖಾಸಗಿ ವಿಡಿಯೋಗೆ ಕಾಮೆಂಟ್ ಬರೆಯಲು ಬರುವುದಿಲ್ಲ. ಮೊದಲ ನೋಡುಗರಿಗೇ ಲಿಂಕ್ ಕಾಣಬೇಕೆಂದರೆ ಸಮಯ ನಿಗದಿ ಮಾಡುವ ಬದಲು ವಿಡಿಯೋವನ್ನು ಲಿಂಕ್ ಇದ್ದವರಿಗೆ ಮಾತ್ರ ಸಿಗುವಂತೆ ಅನ್‌ಲಿಸ್ಟೆಡ್ ಆಗಿ ಹಾಕಿ, ಕಾಮೆಂಟ್ ಬರೆದು ಪಿನ್ ಮಾಡಿ, ಆಮೇಲೆ ಕೈಯಿಂದಲೇ ಎಲ್ಲರಿಗೂ ತೆರೆಯಬಹುದು. ಕಾಮೆಂಟನ್ನು ತಿದ್ದಿದಾಗಲೆಲ್ಲ ಪಿನ್ ಗುರುತು ಉಳಿದಿದೆಯೇ ಎಂದು ಪುಟವನ್ನು ಮತ್ತೊಮ್ಮೆ ತೆರೆದು ನೋಡುವುದು ಒಳ್ಳೆಯದು.

ಈ ಇಡೀ ಉಪಾಯ ಕೈಕೊಡುವ ಎರಡು ಕಡೆ ಇವೆ. ಮಕ್ಕಳಿಗಾಗಿ ಎಂದು ಗುರುತು ಹಾಕಿದ ವಿಡಿಯೋದಲ್ಲಿ ಕಾಮೆಂಟೇ ಇರುವುದಿಲ್ಲ. ಇನ್ನೊಂದು ಶಾರ್ಟ್ಸ್. ಅದರ ಕಾಮೆಂಟುಗಳಲ್ಲೂ ಡಿಸ್ಕ್ರಿಪ್ಷನ್ನಿನಲ್ಲೂ ಹಾಕಿದ ಲಿಂಕುಗಳು 2023ರ ಆಗಸ್ಟ್ 31ರಿಂದ ಒತ್ತಿದರೆ ತೆರೆಯುವುದಿಲ್ಲ. ವಂಚಕರ ಲಿಂಕುಗಳ ಹಾವಳಿ ತಡೆಯಲು ಯೂಟ್ಯೂಬು ಹೀಗೆ ಮಾಡಿತು. ಅಕ್ಷರವೇನೋ ಕಾಣುತ್ತದೆ, ಆದರೆ ಬರಿಯ ಅಕ್ಷರ. ಅತ್ತಿಗೆಯ ಶಾರ್ಟ್ಸ್‌ಗಳಲ್ಲೂ ವಾಟ್ಸಾಪ್ ಲಿಂಕ್ ಇತ್ತು, ಒಬ್ಬರೂ ಅಲ್ಲಿಂದ ಬಂದಿರಲಿಲ್ಲ. ಈಗ ಶಾರ್ಟ್ಸ್ ಹಾಕುವಾಗ ಸ್ಟುಡಿಯೋದಲ್ಲಿ ಸಂಬಂಧಿತ ವಿಡಿಯೋ ಎಂಬ ಜಾಗದಲ್ಲಿ ಹುಮಣದ ಉದ್ದದ ವಿಡಿಯೋವನ್ನು ಜೋಡಿಸುತ್ತೇವೆ. ಅದನ್ನು ಒತ್ತಿ ಉದ್ದದ ವಿಡಿಯೋಗೆ ಬಂದವರಿಗೆ ಅಲ್ಲಿಯ ಪಿನ್ ಮಾಡಿದ ಕಾಮೆಂಟು ಸಿಗುತ್ತದೆ.

ಲಿಂಕ್ ಇದ್ದಲ್ಲಿ ಕಳ್ಳರೂ ಬರುತ್ತಾರೆ. ಚಾನೆಲ್ಲಿನ ಚಿತ್ರವನ್ನೇ ಕದ್ದು, ಹೆಸರಿನಲ್ಲಿ ಒಂದೆರಡು ಅಕ್ಷರ ಬದಲಿಸಿ, ಪಿನ್ ಮಾಡಿದ ಕಾಮೆಂಟಿನ ಅಡಿಯಲ್ಲಿ “ಈ ನಂಬರಿಗೆ ಮೆಸೇಜ್ ಮಾಡಿ” ಎಂದು ಉತ್ತರ ಬರೆಯುವವರಿದ್ದಾರೆ. ನೋಡುವವರಿಗೆ ಅದು ಅತ್ತಿಗೆಯದೇ ಮಾತು ಎನಿಸುತ್ತದೆ. ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ಸಮುದಾಯ ಎಂಬ ಭಾಗದಲ್ಲಿ ಲಿಂಕುಗಳನ್ನು ತಡೆಯುವ ಆಯ್ಕೆಯಿದೆ. ಅದನ್ನು ಹಾಕಿದರೆ ಬೇರೆಯವರ ಲಿಂಕಿರುವ ಕಾಮೆಂಟುಗಳು ನಮ್ಮ ಒಪ್ಪಿಗೆಗೆ ಕಾಯುತ್ತವೆ, ನಮ್ಮದಕ್ಕೆ ತಡೆಯಿಲ್ಲ. ಬರಿಯ ಫೋನ್ ನಂಬರ್ ಬರೆದದ್ದು ಇದರಲ್ಲಿ ಸಿಕ್ಕಿಬೀಳುತ್ತದೆ ಎಂದು ನಂಬಿ ಕೂರಬೇಡಿ. ಪಿನ್ ಮಾಡಿದ ಕಾಮೆಂಟಿನ ಉತ್ತರಗಳನ್ನು ಕಣ್ಣಿಂದ ಓದುವುದನ್ನು ಬಿಡುವ ಹಾಗಿಲ್ಲ. ಹೆಸರು ಹೆಕ್ಕಲು ಹೇಗೂ ಓದುತ್ತೇವಲ್ಲ, ಆಗಲೇ ಇವರನ್ನೂ ಹಿಡಿಯಬಹುದು.

ಲಿಂಕ್ ಕಾಮೆಂಟಿನಲ್ಲಿದ್ದರೆ ಬದಲಿಸುವುದೂ ಸುಲಭ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಬೈತಖೋಲದ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ. ಹಸಿ ಬಂಗಡೆ ಆಗ ನಾಡದೋಣಿಯವರು ತಂದಷ್ಟೇ. ಆ ದಿನಗಳಲ್ಲಿ ಬಂಗಡೆ ಹುಮಣದ ವಿಡಿಯೋಗೆ ಬಂದವರು ಕೇಳುವುದೇ ಬೇರೆ, “ಒಣ ಮೀನಲ್ಲಿ ಮಾಡೂಕೆ ಆಗ್ತದ್ಯಾ?” ಎಂದು. ಶೀರ್ಷಿಕೆ, ಡಿಸ್ಕ್ರಿಪ್ಷನ್ನುಗಳನ್ನು ನಾವು ಮುಟ್ಟಲಿಲ್ಲ. ಅವು ವರ್ಷವಿಡೀ ಹುಡುಕಿ ಬರುವವರಿಗಾಗಿ ಇರುವಂಥವು. ಮೇ ಕೊನೆಯ ವಾರದಲ್ಲಿ ಪಿನ್ ಮಾಡಿದ ಕಾಮೆಂಟಿನಲ್ಲಿ ತಿದ್ದುಪಡಿಯ ಸಾಲನ್ನು ಹಾಗೇ ಉಳಿಸಿ, ಅದರ ಕೆಳಗೆ ಒಣ ಬಂಗಡೆಯ ವಿಡಿಯೋದ ಲಿಂಕನ್ನು ಸೇರಿಸಿದೆವು. ಆಗಸ್ಟಿನಲ್ಲಿ ಬೋಟುಗಳು ಹೋದ ಮೇಲೆ ಅದನ್ನು ತೆಗೆದೆವು.

ಮಳೆಗಾಲದ ಆ ಕಾಮೆಂಟಿನ ಕೊನೆಯಲ್ಲಿ ಅತ್ತಿಗೆ ತಾವಾಗಿಯೇ ಇನ್ನೊಂದು ಪ್ರಶ್ನೆ ಸೇರಿಸಿದ್ದರು: “ಒಣ ಬಂಗಡೆಗೆ ನಿಮ್ಮಲ್ಲಿ ಏನು ಹೆಸರು?” ಬಂದ ಉತ್ತರಗಳನ್ನು ಅವರು ಅಡಿಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದಾರೆ. ಮುಂದಿನ ಮೇ ತಿಂಗಳೊಳಗೆ ಅವು ಒಣ ಮೀನಿನ ವಿಡಿಯೋದ ಡಿಸ್ಕ್ರಿಪ್ಷನ್ನಿಗೆ ಹೋಗಬೇಕು.